‘ಕಟ್ಟಬೇಡಿ’ ಅನ್ನುವ ಮೊದಲೇ ಹಗ್ಗ ಕಟ್ಟಿ ಆಗಿತ್ತು: ವೈಟ್‌ಬೋರ್ಡ್ ವಿಡಿಯೊದಲ್ಲಿ ಮಾತಿಗೆ ಚಿತ್ರ ಕೂಡುವ ಬಗೆ

ಈ ಬಗೆಯ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಒಂದು ಬಿಳಿ ಹಲಗೆ, ಕಪ್ಪು ಮಾರ್ಕರ್ ಹಿಡಿದ ಒಂದು ಕೈ, ಹಿನ್ನೆಲೆಯಲ್ಲಿ ಒಂದು ದನಿ. ದನಿ ‘ಸೊಳ್ಳೆ’ ಎಂದ ಕೂಡಲೇ ಹಲಗೆಯ ಮೇಲೆ ಸೊಳ್ಳೆ ಮೂಡುತ್ತದೆ, ‘ನೀರಿನ ತೊಟ್ಟಿ’ ಎಂದಾಗ ತೊಟ್ಟಿ ಮೂಡುತ್ತದೆ. ಲಂಡನ್ನಿನ ಆರ್‌ಎಸ್‌ಎ ಸಂಸ್ಥೆ 2010ರಲ್ಲಿ ಭಾಷಣಗಳನ್ನು ಹೀಗೆ ಚಿತ್ರವಾಗಿಸಿ ಹಾಕಲು ಶುರುಮಾಡಿದ ಮೇಲೆ ಈ ಶೈಲಿ ಜಗತ್ತಿನಾದ್ಯಂತ ಹಬ್ಬಿತು. ಈಗ ಆರೋಗ್ಯ ಜಾಗೃತಿ ಎಂದರೆ ಮೊದಲು ನೆನಪಾಗುವುದೇ ಇದು. ಖರ್ಚು ಕಡಿಮೆ, ನಟರು ಬೇಡ, ಭಾಷೆ ಬದಲಾಯಿಸಬೇಕಾದರೆ ದನಿ ಮಾತ್ರ ಬದಲಾಯಿಸಿದರೆ ಸಾಕು ಎಂಬ ನಂಬಿಕೆ ಬೇರೆ.

ಆ ಕೊನೆಯ ನಂಬಿಕೆ ತಪ್ಪು ಎಂದು ನಮಗೆ ಗೊತ್ತಾದದ್ದು ಸಿರುಗುಪ್ಪ ತಾಲ್ಲೂಕಿನ ಒಂದು ಊರಿನಲ್ಲಿ, ಸಂಜೆ ಹೊತ್ತು, ಭತ್ತದ ಗದ್ದೆಯಿಂದ ವಾಪಸ್ ಬಂದು ಕೂತಿದ್ದ ಹೆಣ್ಣುಮಕ್ಕಳ ಎದುರು. ನಾವು ತೋರಿಸಿದ್ದು ಎರಡೂವರೆ ನಿಮಿಷದ ವಿಡಿಯೊ, ವಿಷಯ ಹಾವು ಕಡಿತದ ಪ್ರಥಮ ಚಿಕಿತ್ಸೆ. ಮೂಲ ಸ್ಕ್ರಿಪ್ಟ್ ಇಂಗ್ಲಿಷಿನಲ್ಲಿ ಇತ್ತು, ಚಿತ್ರಗಳು ಆಗಲೇ ಸಿದ್ಧವಿದ್ದವು. ನಾವು ಅನುವಾದ ಮಾಡಿ ಕನ್ನಡ ದನಿ ಕೂಡಿಸಿದ್ದೆವು. ಮುಗಿದ ಮೇಲೆ ಕೇಳಿದೆವು: “ಅಮ್ಮಾ, ಹಾವು ಕಡಿದ್ರೆ ಮೊದಲು ಏನ್ ಮಾಡ್ತೀರಿ?”

“ಕಾಲಿಗೆ ಹಗ್ಗ ಬಿಗಿಬೇಕ್ರೀ,” ಎಂದರು ಮುಂದೆ ಕೂತಿದ್ದ ಹಿರಿಯರೊಬ್ಬರು. “ನೀವಾ ತೋರ್ಸಿದ್ರಲ್ಲ ಈಗ.”

ವಿಡಿಯೊ ಹೇಳಿದ್ದು ಇದಕ್ಕೆ ತದ್ವಿರುದ್ಧ. ಹಗ್ಗ ಕಟ್ಟಬೇಡಿ ಎಂದು ಸ್ಪಷ್ಟವಾಗಿಯೇ ಹೇಳಿತ್ತು. ಆದರೆ ಅವರು ಸುಳ್ಳು ಹೇಳಲಿಲ್ಲ. ನಾವು ತೋರಿಸಿದ್ದು ಹಗ್ಗ ಕಟ್ಟುವುದನ್ನೇ.

ಇಲ್ಲಿ ತಪ್ಪಾದರೆ ಏನಾಗುತ್ತದೆ

ಸಿರುಗುಪ್ಪದ ಕಡೆ ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುತ್ತದೆ. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರಹಾವು ಮತ್ತು ಕೊಳಕುಮಂಡಲ. ಕುರುಗೋಡಿನ ಕಡೆ ಬಂಡೆಗುಡ್ಡ, ಒಣನೆಲ. ಗರಗಸ ಮಂಡಲದಂಥ ಚಿಕ್ಕ ಹಾವಿಗೆ ಒಗ್ಗುವುದು ಇಂಥ ಜಾಗವೇ. ಇವೆರಡೂ ಮಂಡಲಗಳು, ನಾಗರ ಮತ್ತು ಕಟ್ಟುಹಾವು ಸೇರಿ ನಾಲ್ಕು ಹಾವುಗಳೇ ನಮ್ಮ ದೇಶದಲ್ಲಿ ಹೆಚ್ಚು ಜೀವ ತೆಗೆಯುವವು. 2000ರಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು.

ಹಗ್ಗ ಬಿಗಿಯುವುದು ಏಕೆ ತಪ್ಪು? ಬಿಗಿದ ಹಗ್ಗ ವಿಷವನ್ನು ತಡೆಯುವುದಕ್ಕಿಂತ ಮೊದಲು ರಕ್ತವನ್ನು ತಡೆಯುತ್ತದೆ. ರಕ್ತ ಹೋಗದ ಕಾಲು ಕೊಳೆಯಲು ಶುರುವಾಗುತ್ತದೆ. ಮಂಡಲದ ವಿಷ ಕಡಿದ ಜಾಗದ ಮಾಂಸವನ್ನೇ ಹಾಳುಮಾಡುವಂಥದ್ದು, ಅದನ್ನು ಅಲ್ಲೇ ಕೂಡಿಟ್ಟರೆ ಹಾನಿ ಇನ್ನೂ ಹೆಚ್ಚು. ಆಮೇಲೆ ಆಸ್ಪತ್ರೆಯಲ್ಲಿ ಹಗ್ಗ ಬಿಚ್ಚಿದಾಗ ನಿಂತಿದ್ದ ವಿಷ ಒಮ್ಮೆಗೇ ಮೈಗೆ ನುಗ್ಗಬಹುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ‘ಕಟ್ಟಿದ್ದೇವೆ, ಇನ್ನು ಪರವಾಗಿಲ್ಲ’ ಎಂಬ ಧೈರ್ಯ. ಆ ಧೈರ್ಯದಲ್ಲಿ ಅರ್ಧ ಗಂಟೆ ಕಳೆದುಹೋಗುತ್ತದೆ.

ಅಂದರೆ ನಮ್ಮ ವಿಡಿಯೊ ತಪ್ಪು ಮಾಹಿತಿ ಕೊಡದೆಯೇ ತಪ್ಪನ್ನು ಕಲಿಸಿತ್ತು. ಇದು ಹೇಗಾಯಿತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕನ್ನಡದ ವಾಕ್ಯದ ಕಟ್ಟಣೆ.

‘ಬೇಡಿ’ ಎಂಬುದು ಬಾಲದಲ್ಲಿ ಬರುತ್ತದೆ

ಈ ವಾಕ್ಯ ನೋಡಿ: ‘ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿಯಾಗಿ ಕಟ್ಟಬೇಡಿ.’ ಒಟ್ಟು 18 ಅಕ್ಷರ. ನಿಧಾನವಾಗಿ, ಹಳ್ಳಿಯವರಿಗೆ ಅರ್ಥವಾಗುವಂತೆ ಓದಿದರೆ ನಮ್ಮ ದನಿ ಸೆಕೆಂಡಿಗೆ ಹೆಚ್ಚುಕಡಿಮೆ 5 ಅಕ್ಷರ ಹೇಳುತ್ತದೆ. ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನವಿಲ್ಲ. ‘ಕಟ್ಟಬೇಡಿ’ ಒಂದು ಪದ, ‘ಹಗ್ಗ’ವೂ ಒಂದು ಪದ, ಹೇಳಲು ಹಿಡಿಯುವ ಹೊತ್ತು ಮಾತ್ರ ಬೇರೆ ಬೇರೆ. ಅಕ್ಷರದ ಲೆಕ್ಕವೇ ಸರಿ. ಈ ಲೆಕ್ಕದಲ್ಲಿ ‘ಹಗ್ಗ’ ಮುಗಿಯುವುದು 10ನೇ ಅಕ್ಷರಕ್ಕೆ, ಅಂದರೆ 2ನೇ ಸೆಕೆಂಡಿಗೆ. ‘ಬೇಡಿ’ ಬರುವುದು 17 ಮತ್ತು 18ನೇ ಅಕ್ಷರಗಳಲ್ಲಿ, ಅಂದರೆ ಸುಮಾರು ಮೂರೂವರೆ ಸೆಕೆಂಡಿಗೆ. ಅದಾದ ಮೇಲೆ ಕೈ ಬಂದು ಕೆಂಪು ಮಾರ್ಕರಿನಲ್ಲಿ ಅಡ್ಡಗೆರೆ ಹಾಕಲು ಇನ್ನೊಂದೂವರೆ ಸೆಕೆಂಡು ಬೇಕು.

ಹೆಸರು ಹೇಳಿದ ಕೂಡಲೇ ಚಿತ್ರ ಬರಬೇಕು ಎಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೆ, ಕಾಲಿಗೆ ಹಗ್ಗ ಕಟ್ಟಿದ ಚಿತ್ರ ಸುಮಾರು 3 ಸೆಕೆಂಡು ಯಾವ ತಕರಾರೂ ಇಲ್ಲದೆ ಹಲಗೆಯ ಮೇಲೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ‘ಬೇಡಿ’ಗೆ ಸಮನಾದ ಪದ ವಾಕ್ಯದ ಮೊದಲಿಗೇ ಬರುತ್ತದೆ, ಹಗ್ಗ ಆಮೇಲೆ ಬರುತ್ತದೆ. ಹಗ್ಗ ಮೂಡುವ ಹೊತ್ತಿಗೆ ನೋಡುವವರಿಗೆ ಇದು ಮಾಡಬಾರದ ಕೆಲಸ ಎಂದು ಗೊತ್ತಾಗಿರುತ್ತದೆ. ಅದೇ ಚಿತ್ರಗಳ ಸರಣಿಗೆ ಕನ್ನಡದ ದನಿ ಕೂಡಿಸಿದಾಗ ಕ್ರಮವೇ ತಿರುಗಿಹೋಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಹಗ್ಗ ಕಟ್ಟಬೇಕು ಎಂಬ ಮಾತನ್ನು ನಮ್ಮ ಪ್ರೇಕ್ಷಕರು ಚಿಕ್ಕಂದಿನಿಂದ ಕೇಳಿದ್ದರು. ಚಿತ್ರ ನೋಡಿದ ಕ್ಷಣ ಅವರಿಗೆ ‘ಹೌದು, ಇದು ಗೊತ್ತು’ ಅನ್ನಿಸಿತು. ಗೊತ್ತಿರುವುದು ಕಂಡ ಮೇಲೆ ಉಳಿದ ಒಂದೂವರೆ ಸೆಕೆಂಡಿನ ಮಾತನ್ನು ಗಮನ ಕೊಟ್ಟು ಯಾರು ಕೇಳುತ್ತಾರೆ? ಸುತ್ತಲೂ ಮಕ್ಕಳ ಗಲಾಟೆ ಬೇರೆ ಇತ್ತು.

ಮಾತು ಮತ್ತು ಚಿತ್ರ ಒಟ್ಟಿಗೇ ಏಕೆ ಬೇಕು

ಹಾಗಾದರೆ ಚಿತ್ರವನ್ನು ವಾಕ್ಯ ಮುಗಿದ ಮೇಲೆ ತೋರಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ನಾವೂ ಮೊದಲು ಹಾಗೇ ಯೋಚಿಸಿದೆವು.

ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಮೇಯರ್ ಮತ್ತು ರಿಚರ್ಡ್ ಆಂಡರ್ಸನ್ 1991ರಲ್ಲಿ ಸೈಕಲ್ ಪಂಪು ಹೇಗೆ ಕೆಲಸ ಮಾಡುತ್ತದೆ ಎಂಬ ಚಿಕ್ಕ ಅನಿಮೇಷನ್ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಮಾತು ಮತ್ತು ಚಿತ್ರ ಒಟ್ಟಿಗೆ, ಕೆಲವರಿಗೆ ಮೊದಲು ಪೂರ್ತಿ ಮಾತು, ಆಮೇಲೆ ಪೂರ್ತಿ ಚಿತ್ರ. ‘ಪಂಪಿನಲ್ಲಿ ಗಾಳಿ ಬರದಿದ್ದರೆ ಏನು ಕೆಟ್ಟಿರಬಹುದು’ ಎಂಬಂಥ, ತಲೆ ಓಡಿಸಬೇಕಾದ ಪ್ರಶ್ನೆಗಳಿಗೆ ಒಟ್ಟಿಗೆ ನೋಡಿ ಕೇಳಿದವರೇ ಚೆನ್ನಾಗಿ ಉತ್ತರಿಸಿದರು. ಕೇಳಿದ ಮಾತನ್ನು ಮತ್ತು ಕಂಡ ಚಿತ್ರವನ್ನು ಮನಸ್ಸು ಒಂದೇ ಹೊತ್ತಿಗೆ ಹಿಡಿದುಕೊಂಡಾಗ ಮಾತ್ರ ಅವೆರಡನ್ನೂ ಹೆಣೆಯಬಲ್ಲದು ಎಂಬುದು ಅವರ ವಿವರಣೆ.

ಆದರೆ ಇದೇ ಸಾಲಿನ ಮುಂದಿನ ಪ್ರಯೋಗಗಳು ಒಂದು ಮಿತಿಯನ್ನೂ ತೋರಿಸಿದವು. ಮಾತು ಮತ್ತು ಚಿತ್ರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದು ವಾಕ್ಯ, ಅದರ ಚಿತ್ರ, ಮತ್ತೊಂದು ವಾಕ್ಯ, ಅದರ ಚಿತ್ರ ಎಂದು ಬೆನ್ನಿಗೆ ಬೆನ್ನಿಗೆ ಕೊಟ್ಟರೆ ದೊಡ್ಡ ನಷ್ಟವೇನೂ ಆಗುವುದಿಲ್ಲ. ಅಂದರೆ ಚಿತ್ರ ಒಂದು ಸೆಕೆಂಡು ತಡವಾದರೆ ಆಕಾಶ ಬೀಳದು. ಈ ಮಾತು ವಿಡಿಯೊ ಮಾಡುವವರಿಗೆ ಸಮಾಧಾನ ಕೊಡುವಂಥದ್ದು. ನಮ್ಮನ್ನು ಕೆಡಿಸಿದ್ದು ತಡವಲ್ಲ, ಆತುರ. ನಿಷೇಧದ ವಾಕ್ಯದಲ್ಲಿ ಚಿತ್ರ ‘ಬೇಡಿ’ಗಿಂತ ಮೊದಲು ಬಂದರೆ ಅದು ಬೇರೆಯದೇ ವಾಕ್ಯವಾಗಿಬಿಡುತ್ತದೆ.

ಚಿತ್ರವನ್ನು ವಾಕ್ಯದ ಕೊನೆಗೆ ತಳ್ಳಿ ನೋಡಿದೆವು. ಆಗ ಬೇರೆ ತೊಂದರೆ. ದನಿ ಮುಂದಿನ ವಾಕ್ಯಕ್ಕೆ ಹೋಗಿರುತ್ತದೆ, ಕೈ ಇನ್ನೂ ಹಗ್ಗ ಬರೆಯುತ್ತಿರುತ್ತದೆ. ‘ಆಸ್ಪತ್ರೆಗೆ’ ಎಂದು ಕೇಳುವಾಗ ಕಣ್ಣೆದುರು ಹಗ್ಗ. ಬಳ್ಳಾರಿ ಅಂದರೆ ತೊಗಲುಗೊಂಬೆಯ ಊರು, ಬೆಳಗಲ್ಲು ವೀರಣ್ಣನವರ ಊರು. ಪರದೆಯ ಮೇಲಿನ ಗೊಂಬೆಗೂ ಹಾಡಿಗೂ ತಾಳ ತಪ್ಪಿದರೆ ನೋಡುವವರು ನಗುತ್ತಾರೆ ಎಂಬುದು ಆ ಕಲೆಯವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹಾಗಾಗಿ ಚಿತ್ರವನ್ನು ಅಲುಗಾಡಿಸುವುದು ಬಿಟ್ಟು ಮಾತನ್ನೇ ಹೊಸದಾಗಿ ಬರೆಯಲು ಕೂತೆವು.

ಚಿತ್ರ ಬರೆಯುವ ಕ್ರಮದಲ್ಲಿ ಮಾತು

ಮೊದಲು ಕೈಯಲ್ಲಿ ಹಾಳೆ ಹಿಡಿದು, ದನಿಯಿಲ್ಲದೆ, ಪ್ರಥಮ ಚಿಕಿತ್ಸೆಯನ್ನು ಚಿತ್ರವಾಗಿ ಬರೆದೆವು. ಕೈ ಯಾವುದನ್ನು ಮೊದಲು ಬರೆಯುತ್ತದೆಯೋ ಅದನ್ನೇ ಮಾತು ಮೊದಲು ಹೆಸರಿಸಬೇಕು ಎಂದು ಗೊತ್ತುಮಾಡಿಕೊಂಡೆವು.

ಹಳೆಯ ಅನುವಾದ ಹೀಗಿತ್ತು: ‘ಕಚ್ಚಿದ ಕಾಲು ಅಲುಗಾಡದಂತೆ ಬಟ್ಟೆಯಿಂದ ಸಡಿಲವಾಗಿ ಸುತ್ತಿದ ದಬ್ಬೆಯ ಆಧಾರ ನೀಡಿ.’ ಓದಲು ಸರಿಯಾಗೇ ಇದೆ. ಆದರೆ ಚಿತ್ರ ಬರೆಯಲು ಆಗುವುದಿಲ್ಲ. ಇಲ್ಲಿ ಬಟ್ಟೆ ದಬ್ಬೆಗಿಂತ ಮೊದಲು ಬರುತ್ತದೆ. ಸುತ್ತಲು ದಬ್ಬೆಯೇ ಇಲ್ಲದೆ ಕೈ ಬಟ್ಟೆಯನ್ನು ಯಾವುದಕ್ಕೆ ಸುತ್ತಬೇಕು? ಕನ್ನಡದಲ್ಲಿ ‘ಸುತ್ತಿದ ದಬ್ಬೆ’, ‘ಕಚ್ಚಿದ ಕಾಲು’ ಎಂಬಂಥ ಕಟ್ಟಣೆಯಲ್ಲಿ ವಿವರ ಮೊದಲು, ವಸ್ತು ಆಮೇಲೆ. ಬರಹದಲ್ಲಿ ಇದು ಸಹಜ, ಹಲಗೆಯ ಮೇಲೆ ಮಾತ್ರ ಹಿಂದುಮುಂದು.

ಹೊಸದು ಹೀಗಾಯಿತು. ಎಡಗಡೆ ದನಿ ಹೇಳುವುದು, ಬಲಗಡೆ ಆ ಕ್ಷಣಕ್ಕೆ ಮೂಡುವುದು.

ಇದು ಕಾಲು. — ಹಿಮ್ಮಡಿ, ಬೆರಳು.
ಇಲ್ಲಿ ಹಾವು ಕಡಿದಿದೆ. — ‘ಇಲ್ಲಿ’ಗೆ ಬಾಣದ ಗುರುತು, ‘ಹಾವು’ಗೆ ಹೆಡೆಯಿಲ್ಲದ ಒಂದು ಹಾವು, ‘ಕಡಿದಿದೆ’ಗೆ ಎರಡು ಚುಕ್ಕಿ.
ಕಾಲಿನ ಪಕ್ಕ ಒಂದು ದಬ್ಬೆ. — ಬಿದಿರಿನ ದಬ್ಬೆ.
ದಬ್ಬೆಯ ಮೇಲೆ ಬಟ್ಟೆ. — ಮೂರು ಸುತ್ತು.
ಬಟ್ಟೆಯ ಒಳಗೆ ನಿಮ್ಮ ಬೆರಳು ಹೋಗಬೇಕು. — ಬೆರಳು.
ಹೋಯಿತಾ? ಹಾಗಿದ್ದರೆ ಸರಿ. — ಏನೂ ಇಲ್ಲ. ಕೈ ನಿಂತಿರುತ್ತದೆ.

ಪ್ರತಿ ವಾಕ್ಯದಲ್ಲಿ ಹೊಸದು ಒಂದೇ ವಸ್ತು, ‘ಇಲ್ಲಿ ಹಾವು ಕಡಿದಿದೆ’ ಎಂಬುದೊಂದು ಬಿಟ್ಟು. ಹಿಂದಿನ ವಾಕ್ಯದ ವಸ್ತುವನ್ನು ಹಿಡಿದುಕೊಂಡೇ ಮುಂದಿನದು ಶುರುವಾಗುತ್ತದೆ. ‘ಕಾಲಿನ ಪಕ್ಕ’ ಎಂದಾಗ ಕಾಲು ಆಗಲೇ ಹಲಗೆಯ ಮೇಲಿರುತ್ತದೆ, ಕಣ್ಣು ಅಲ್ಲಿಗೆ ಹೋಗುತ್ತದೆ, ‘ದಬ್ಬೆ’ ಬಂದಾಗ ಕಣ್ಣು ಸರಿಯಾದ ಜಾಗದಲ್ಲಿ ಕಾಯುತ್ತಿರುತ್ತದೆ. ‘ಸಡಿಲವಾಗಿ’ ಎಂಬ ಪದವನ್ನು ತೆಗೆದೇಬಿಟ್ಟೆವು. ಸಡಿಲ ಎಂಬುದನ್ನು ಬರೆದು ತೋರಿಸಲಾಗದು, ಒಳಗೆ ಹೋಗುವ ಬೆರಳನ್ನು ತೋರಿಸಬಹುದು. ನೋಡುವವರಿಗೆ ಅದು ಅಳತೆಯೂ ಆಯಿತು.

ಇನ್ನು ಆ ಹಗ್ಗ. ಮಾಡಬಾರದ್ದನ್ನು ಹೇಳದೇ ಇದ್ದರೆ ಆಗದು, ಏಕೆಂದರೆ ಅದನ್ನೇ ಮಾಡುತ್ತಾರೆ. ನಾವು ಮಾಡಿದ ಬದಲಾವಣೆ ಇಷ್ಟು. ಒಂದು, ಹಗ್ಗವನ್ನು ಕಾಲಿನ ಮೇಲೆ ಬರೆಯುವುದೇ ಇಲ್ಲ. ಎರಡು, ನಿಷೇಧವನ್ನು ಮೊದಲು ಬರೆಯುವುದು. ದನಿ ‘ಮೂರು ಕೆಲಸ ಬೇಡ’ ಎನ್ನುತ್ತದೆ. ‘ಬೇಡ’ ಎಂಬ ಪದಕ್ಕೆ ಹಲಗೆಯ ಇನ್ನೊಂದು ಮೂಲೆಯಲ್ಲಿ ಮೂರು ಕೆಂಪು ಅಡ್ಡಗೆರೆಗಳು ಮೂಡುತ್ತವೆ, ಖಾಲಿ ಜಾಗದ ಮೇಲೆ. ಆಮೇಲೆ ‘ಹಗ್ಗ ಬೇಡ’ ಎಂದಾಗ ಮೊದಲ ಗೆರೆಯ ಕೆಳಗೆ ಹಗ್ಗ, ‘ಬ್ಲೇಡ್ ಬೇಡ’ ಎಂದಾಗ ಬ್ಲೇಡು, ‘ಬಾಯಿ ಬೇಡ’ ಎಂದಾಗ ತುಟಿ. ವಸ್ತು ಹುಟ್ಟುವಾಗಲೇ ತಲೆಯ ಮೇಲೆ ಅಡ್ಡಗೆರೆ ಇರುತ್ತದೆ. ವಾಕ್ಯವೂ ಚಿಕ್ಕದು, ‘ಹಗ್ಗ’ಕ್ಕೂ ‘ಬೇಡ’ಕ್ಕೂ ನಡುವೆ ಉಸಿರೆಳೆಯುವಷ್ಟೂ ಜಾಗವಿಲ್ಲ. ಬ್ಲೇಡಿನ ಬಗ್ಗೆ ಕಾರಣವನ್ನೂ ಒಂದು ಮಾತಿನಲ್ಲಿ ಹೇಳಿದೆವು: ಮಂಡಲದ ಹಾವಿನ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದು ನಿಲ್ಲಬಹುದು, ಕೊಯ್ದ ಗಾಯದ ರಕ್ತ ನಿಲ್ಲುವುದೇ ಇಲ್ಲ.

ಹಗ್ಗವೋ ಹಾವೋ

ಹೊಸ ವಿಡಿಯೊ ಹಿಡಿದು ಕುರುಗೋಡಿನ ಕಡೆಗೆ ಹೋದೆವು. ಈ ಸಲ ಯಾರೂ ಹಗ್ಗ ಬಿಗಿಯಬೇಕು ಎನ್ನಲಿಲ್ಲ. ಆದರೆ ಒಬ್ಬ ಹುಡುಗ ಎದ್ದು ನಿಂತು ಹೇಳಿದ: “ಹಾವು ಹೊಡೀಬಾರ್ದು, ಬ್ಲೇಡ್ ಹಚ್ಚಬಾರ್ದು, ಬಾಯಿ ಹಚ್ಚಬಾರ್ದು.” ಹಾವು ಎಲ್ಲಿಂದ ಬಂತು? ನಾವು ಸುರುಳಿ ಸುತ್ತಿ ಬರೆದಿದ್ದ ಹಗ್ಗ ಅವನಿಗೆ ಹಾವಾಗಿ ಕಂಡಿತ್ತು. ಅರೆಬೆಳಕಿನಲ್ಲಿ ಹಗ್ಗ ಹಾವಾಗಿ ಕಾಣುವ ದೃಷ್ಟಾಂತವನ್ನು ವೇದಾಂತಿಗಳು ನೂರಾರು ವರ್ಷದಿಂದ ಕೊಡುತ್ತಾ ಬಂದಿದ್ದಾರೆ, ಹಾವಿನ ವಿಡಿಯೊದಲ್ಲಿ ಹಗ್ಗ ಬರೆಯುವ ನಮಗೆ ಅದು ಹೊಳೆದಿರಲಿಲ್ಲ. ದನಿ ‘ಹಗ್ಗ’ ಎಂದಿದ್ದರೂ ಕಣ್ಣು ಗೆದ್ದಿತು. (ಹಾವನ್ನು ಹೊಡೆಯಲು ಹೋಗಬಾರದು ಎಂಬುದು ನಿಜವೇ. ಅವನು ತಪ್ಪು ಚಿತ್ರದಿಂದ ಸರಿಯಾದ ಪಾಠ ಕಲಿತ.)

ಇದರಿಂದ ನಾವು ಕಲಿತದ್ದು ಸಮಯದ ಬಗ್ಗೆ. ಚಿತ್ರ ‘ಮಾತಿನ ಹೊತ್ತಿಗೆ ಬರಬೇಕು’ ಎಂದರೆ ಚಿತ್ರದ ಯಾವ ಭಾಗ? ಒಂದು ಹಾವನ್ನು ಬರೆಯಲು ಕೈಗೆ 6-7 ಸೆಕೆಂಡು ಬೇಕು, ‘ಹಾವು’ ಎನ್ನಲು ಅರ್ಧ ಸೆಕೆಂಡು ಸಾಕು. ವಿಡಿಯೊವನ್ನು ಓಡಿಸಿದರೂ ಎರಡೂ ಸರಿಹೊಂದುವುದಿಲ್ಲ, ತೀರಾ ಓಡಿಸಿದರೆ ಕೈ ನಡುಗಿದಂತೆ ಕಾಣುತ್ತದೆ. ಆದರೆ ಪ್ರತಿ ಚಿತ್ರದಲ್ಲೂ ಒಂದು ಗೆರೆ ಇರುತ್ತದೆ, ಅದು ಬಿದ್ದ ಕ್ಷಣ ನೋಡುವವರಿಗೆ ವಸ್ತು ಯಾವುದೆಂದು ಗೊತ್ತಾಗುತ್ತದೆ. ನಾವು ಅದನ್ನು ‘ಗುರುತಿನ ಗೆರೆ’ ಎಂದು ಕರೆದುಕೊಳ್ಳುತ್ತೇವೆ. ಹಾವಿಗೆ ಅದು ತಲೆ ಮತ್ತು ಸೀಳುನಾಲಿಗೆ. ಬರಿಯ ಮೈ ಬರೆದರೆ ಅದು ಹಗ್ಗವೂ ಆದೀತು, ದಾರಿಯೂ ಆದೀತು. ಕಾಲಿಗೆ ಅದು ಹಿಮ್ಮಡಿ ಮತ್ತು ಬೆರಳು. ದಬ್ಬೆಗೆ ಬಿದಿರಿನ ಗಿಣ್ಣು, ಗಿಣ್ಣಿಲ್ಲದಿದ್ದರೆ ಅದು ಎರಡು ಗೆರೆ ಮಾತ್ರ. ಹಗ್ಗಕ್ಕೆ ಗಂಟು ಮತ್ತು ಬಿಚ್ಚಿಕೊಂಡ ನಾರಿನ ತುದಿ.

ಗುರುತಿನ ಗೆರೆ ಹೆಸರಿನ ಮೇಲೆ ಬೀಳಬೇಕು, ಉಳಿದ ಗೆರೆಗಳು ಹಿಂದೆಮುಂದೆ ಆಗಬಹುದು. ಹಾವಿನ ತಲೆಯನ್ನು ‘ಹಾವು’ ಎಂಬ ಪದಕ್ಕೆ ಬರೆದು, ಮೈಯನ್ನು ವಾಕ್ಯ ಮುಗಿಯುವವರೆಗೂ ಎಳೆದುಕೊಂಡು ಹೋಗಬಹುದು. ಕನ್ನಡದಲ್ಲಿ ಹೆಸರಿಗೆ ಅಂಟುವ ‘ಗೆ’, ‘ಇಂದ’, ‘ಅಲ್ಲಿ’ಗಳಿಗೆ ಕಾಯಬೇಕಾಗಿಲ್ಲ. ‘ಆಸ್ಪತ್ರೆಗೆ’ ಎಂಬಲ್ಲಿ ‘ಆಸ್ಪತ್ರೆ’ ಮುಗಿಯುವಾಗಲೇ ಕಟ್ಟಡದ ಮೇಲಿನ ಕೂಡುಗುರುತು ಬಿದ್ದಿರಬೇಕು.

ಕೆಲಸದ ಕ್ರಮವೂ ಇದರಿಂದ ಬದಲಾಯಿತು. ಈಗ ನಾವು ದನಿಯನ್ನು ಮೊದಲು ಪೂರ್ತಿ ಮುದ್ರಿಸಿಕೊಳ್ಳುತ್ತೇವೆ. ಸಂಪಾದನೆಯ ತಂತ್ರಾಂಶದಲ್ಲಿ ದನಿಯ ಅಲೆ ಕಾಣುತ್ತದೆ, ಅದರಲ್ಲಿ ಪ್ರತಿ ಹೆಸರು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕುತ್ತೇವೆ. ಚಿತ್ರ ಬರೆಯುವವರು ತಮ್ಮ ವೇಗದಲ್ಲಿ ಬರೆಯುತ್ತಾರೆ, ಅದನ್ನು ಮೇಲಿನಿಂದ ಚಿತ್ರೀಕರಿಸುತ್ತೇವೆ. ಆಮೇಲೆ ಗುರುತಿನ ಗೆರೆಯನ್ನು ಅಲೆಯ ಗುರುತಿಗೆ ತಂದು ಕೂಡಿಸುವುದು, ಹೆಚ್ಚುಳಿದ ಗೆರೆಗಳನ್ನು ವೇಗ ಮಾಡುವುದು ಅಥವಾ ಕತ್ತರಿಸುವುದು. ಚಿತ್ರ ಮೊದಲು ಮಾಡಿ ದನಿಯನ್ನು ಅದಕ್ಕೆ ಹೊಂದಿಸಲು ಹೋದರೆ ಓದುವವರು ಒಂದು ಕಡೆ ಎಳೆದು ಇನ್ನೊಂದು ಕಡೆ ಓಡುತ್ತಾರೆ, ಕೇಳುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ.

ಬರೆಯಲಾಗದ್ದು, ಬರೆಯಬಾರದ್ದು

ಕೆಲವು ಮಾತಿಗೆ ಚಿತ್ರವೇ ಇಲ್ಲ. ಹಾವು ಕಡಿದವರಿಗೆ ಮೊದಲು ಹೇಳಬೇಕಾದದ್ದು ಧೈರ್ಯ. ಗಾಬರಿಯಲ್ಲಿ ಓಡಾಡಿದರೆ ವಿಷ ಬೇಗ ಹರಡುತ್ತದೆ. ‘ಧೈರ್ಯ’ಕ್ಕೆ ಏನು ಬರೆಯುವುದು? ಮೊದಲ ಪ್ರತಿಯಲ್ಲಿ ಹೃದಯ ಬರೆದಿತ್ತು, ಅದನ್ನು ಕಂಡವರು ಹಾರ್ಟ್ ಅಟ್ಯಾಕ್ ಎಂದುಕೊಂಡರು. ಈಗ ಅಲ್ಲಿ ಚಿತ್ರವಿಲ್ಲ. ಕೈ ಮಾರ್ಕರ್ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತದೆ, ದನಿ ಮಾತ್ರ ಕೇಳುತ್ತದೆ.

ಕಟ್ಟುಹಾವಿನ ಭಾಗ ಇನ್ನೂ ಕಷ್ಟದ್ದು. ಅದು ಸಾಮಾನ್ಯವಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಹೆಚ್ಚು ನೋವಿಲ್ಲ, ಊತವಿಲ್ಲ, ಗಾಯ ಕಾಣಿಸದೆಯೂ ಇರಬಹುದು. ಇಲ್ಲದ್ದನ್ನು ಹೇಗೆ ಬರೆಯುವುದು? ಮೂಲ ಚಿತ್ರದಲ್ಲಿ ಊದಿದ ಕಾಲು ಬರೆದು ಅದಕ್ಕೆ ಅಡ್ಡಗೆರೆ ಹಾಕಿದ್ದರು, ಮತ್ತದೇ ಹಗ್ಗದ ಕಥೆ. ನಾವು ಇಲ್ಲದ್ದನ್ನು ಬಿಟ್ಟು ಇರುವುದನ್ನು ಹಿಡಿದೆವು: ‘ರಾತ್ರಿ ಚಾಪೆಯ ಮೇಲೆ ಮಲಗಿದ್ದರು. ಬೆಳಗ್ಗೆ ಹೊಟ್ಟೆನೋವು. ಕಣ್ಣಿನ ರೆಪ್ಪೆ ಜೋತುಬಿದ್ದಿದೆ.’ ಚಾಪೆ, ಹೊಟ್ಟೆಯ ಮೇಲಿನ ಕೈ, ಅರ್ಧ ಮುಚ್ಚಿದ ರೆಪ್ಪೆ. ಮೂರನ್ನೂ ಬರೆಯಬಹುದು, ಮೂರನ್ನೂ ಮನೆಯವರು ಗುರುತಿಸಬಹುದು. ರೆಪ್ಪೆ ಜೋತುಬೀಳುವುದು ನರಗಳಿಗೆ ವಿಷ ತಾಗಿದ ಲಕ್ಷಣ, ಮುಂದೆ ಉಸಿರಾಟವೂ ನಿಲ್ಲಬಹುದು. ಆದ್ದರಿಂದ ಕಡಿದ ಗುರುತು ಹುಡುಕುತ್ತಾ ಕೂರದೆ ಹೊರಡಬೇಕು.

ನಾಲ್ಕು ಹಾವುಗಳ ಚಿತ್ರ ಹಾಕಬೇಕೇ ಎಂಬ ಬಗ್ಗೆ ನಮ್ಮಲ್ಲೇ ಜಗಳವಾಯಿತು. ಹಾಕಬಾರದು ಎಂಬ ಪಕ್ಷವೇ ಗೆದ್ದಿತು, ನಮ್ಮ ಮಟ್ಟಿಗೆ ಅದೇ ಸರಿ. ಇಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ಈ ನಾಲ್ಕೂ ಹಾವುಗಳ ವಿಷಕ್ಕೆ ಸೇರಿ ಮಾಡಿದ್ದು, ಯಾವ ಹಾವು ಎಂದು ಮನೆಯವರು ಹೇಳದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ಚಿತ್ರ ತೋರಿಸಿದರೆ ಜನ ಹೋಲಿಸಿ ನೋಡಲು ಹಾವನ್ನು ಹುಡುಕಿಕೊಂಡು ಹೋಗುತ್ತಾರೆ. ಆಮೇಲೆ ಹೆಸರಿನದೂ ಒಂದು ಪೇಚು. ನಾವು ಕೊಳಕುಮಂಡಲ ಎಂದದ್ದು ತೆಲುಗು ಮನೆಗಳಲ್ಲಿ ರಕ್ತಪಿಂಜರ. ರಾತ್ರಿ ಹೊತ್ತು ಹಾವಿನ ಹೆಸರನ್ನೇ ಎತ್ತದೆ ‘ಹುಳ ಮುಟ್ಟಿತು’ ಎನ್ನುವವರೂ ಉಂಟು. ಹೆಸರು ಕೇಳುವವರದಾಗದಿದ್ದರೆ ಚಿತ್ರ ಎಷ್ಟು ಸರಿಯಾದ ಹೊತ್ತಿಗೆ ಬಂದರೂ ಅದು ಯಾರೋ ಬೇರೆಯವರ ಮಾತಿಗೆ ಬಂದ ಚಿತ್ರ.

ತೆಲುಗಿನ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಬಳ್ಳಾರಿ ನಗರದಲ್ಲಿ ತೋರಿಸುವಾಗ ತೆಲುಗು ದನಿಯೂ ಬೇಕಾಯಿತು. ಮತ್ತೆ ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ ಎಂದು ಹೆದರಿದ್ದೆವು. ಹಾಗಾಗಲಿಲ್ಲ. ತೆಲುಗಿನಲ್ಲೂ ಕ್ರಿಯಾಪದ ಕೊನೆಗೆ, ವಿವರ ಮೊದಲು, ನಿಷೇಧ ಬಾಲದಲ್ಲಿ. ಕನ್ನಡಕ್ಕೆಂದು ಜೋಡಿಸಿದ ಚಿತ್ರಗಳ ಕ್ರಮ ತೆಲುಗಿಗೆ ಹಾಗೇ ಕೂತಿತು, ಅಲ್ಲಲ್ಲಿ ಅರ್ಧ ಸೆಕೆಂಡು ಸರಿಸಿದ್ದು ಬಿಟ್ಟರೆ. ಅದೇ ವಿಡಿಯೊಗೆ ಇಂಗ್ಲಿಷ್ ದನಿ ಹಾಕಿದರೆ ಕೆಟ್ಟುಹೋಗುತ್ತದೆ.

ನಿಲ್ಲಿಸಿ ನೋಡುವ ಪರೀಕ್ಷೆ

ನೀವು ಇಂಥದ್ದೊಂದು ವಿಡಿಯೊ ಮಾಡಿದ್ದರೆ, ಅಥವಾ ಊರಿನಲ್ಲಿ ತೋರಿಸಲು ಯಾರಾದರೂ ಕೊಟ್ಟಿದ್ದರೆ, ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ದಾರಿ ಇದೆ. ವಿಡಿಯೊ ನೋಡಿರದ ಒಬ್ಬರನ್ನು ಕೂರಿಸಿಕೊಳ್ಳಿ. ಎಲ್ಲೆಂದರಲ್ಲಿ ನಿಲ್ಲಿಸಿ, ದನಿ ವಾಕ್ಯದ ನಡುವೆ ಇದ್ದರೂ ಪರವಾಗಿಲ್ಲ. ‘ಈಗ ಇದು ಏನು ಮಾಡು ಅನ್ನುತ್ತಿದೆ?’ ಎಂದು ಕೇಳಿ. ಉತ್ತರ ‘ಇನ್ನೂ ಗೊತ್ತಾಗಲಿಲ್ಲ’ ಎಂದಾದರೆ ತೊಂದರೆಯಿಲ್ಲ. ಉತ್ತರ ತಪ್ಪು ಕೆಲಸವಾಗಿದ್ದರೆ ಆ ಜಾಗದಲ್ಲಿ ಚಿತ್ರ ಮಾತಿಗಿಂತ ಮುಂದೆ ಓಡಿದೆ ಎಂದರ್ಥ. ನಮ್ಮ ಹಳೆಯ ವಿಡಿಯೊವನ್ನು ಹೀಗೆ ನಿಲ್ಲಿಸಿ ನೋಡಿದಾಗ ಹಗ್ಗದ ಹತ್ತಿರ, ಬ್ಲೇಡಿನ ಹತ್ತಿರ, ಊದಿದ ಕಾಲಿನ ಹತ್ತಿರ ಮೂರೂ ಕಡೆ ಸಿಕ್ಕಿಬಿತ್ತು. ದನಿ ಮುಚ್ಚಿ ನೋಡುವುದೂ ಒಳ್ಳೆಯದೇ, ಏಕೆಂದರೆ ಹಳ್ಳಿಯ ಕಟ್ಟೆಯಲ್ಲಿ ಫೋನಿನ ದನಿ ಅರ್ಧ ಜನಕ್ಕೆ ಕೇಳುವುದೇ ಇಲ್ಲ.

ಈಗಲೂ ನಮಗೆ ಬಗೆಹರಿಯದ ಒಂದು ಚೌಕಟ್ಟು ಇದೆ. ಕೊನೆಯಲ್ಲಿ ದನಿ ‘108ಕ್ಕೆ ಫೋನ್ ಮಾಡಿ. ಹತ್ತಿರದ ಆಸ್ಪತ್ರೆಗೆ ಹೋಗಿ’ ಎನ್ನುತ್ತದೆ. ‘ಆಸ್ಪತ್ರೆ’ ಎಂದಾಗ ಚಿತ್ರ ಬರೆಯುವವರು ನಾಲ್ಕು ಮಹಡಿಯ ಕಟ್ಟಡ ಬರೆದಿದ್ದರು. ಸಿರುಗುಪ್ಪದಲ್ಲಿ ಅದನ್ನು ನೋಡಿದವರು ಬಳ್ಳಾರಿಯ ದೊಡ್ಡಾಸ್ಪತ್ರೆ ಎಂದುಕೊಂಡರು. ಅಲ್ಲಿಂದ ಬಳ್ಳಾರಿ 50 ಕಿ.ಮೀ.ಗೂ ಹೆಚ್ಚು. ಊರಿನಲ್ಲೇ ತಾಲ್ಲೂಕು ಆಸ್ಪತ್ರೆ ಇದೆ. ಕಟ್ಟಡವನ್ನು ಒಂದು ಮಹಡಿಗೆ ಇಳಿಸಿದೆವು. ಆಗ ಕೆಲವರು ಅದನ್ನು ಶಾಲೆ ಎಂದರು. ಕೂಡುಗುರುತು ದೊಡ್ಡದು ಮಾಡಿದೆವು. ಆಗ ಇಬ್ಬರು ಮೆಡಿಕಲ್ ಶಾಪ್ ಎಂದರು. ಮುಂದಿನ ಸಲ ಕಟ್ಟಡದ ಬದಲು ಬಾಗಿಲಲ್ಲಿ ನಿಂತ ನರ್ಸ್ ಮತ್ತು ಪಕ್ಕದಲ್ಲಿ ಆಂಬುಲೆನ್ಸ್ ಬರೆದು ನೋಡಬೇಕೆಂದಿದ್ದೇವೆ. ‘ಆಂಬುಲೆನ್ಸ್’ಗೆ ಗುರುತಿನ ಗೆರೆ ಯಾವುದು ಎಂದು ಕೇಳಿದ್ದಕ್ಕೆ ಕುರುಗೋಡಿನ ಅದೇ ಹುಡುಗ ಹೇಳಿದ್ದು: “ಮೇಲಿನ ಲೈಟು ಮೊದ್ಲು ಬರೀರಿ. ಇಲ್ಲಂದ್ರ ಟಂಟಂ ಅಂತಾರ.”